ಎರಡು ಸ್ಟೇಟ್‌ಗಳ ಸಿಸ್ಟಮ್‌ಗೆ ಪೋಲ್ ಪ್ಲೇಸ್‌ಮೆಂಟ್: ಬೀಳುವ ಕೋಲನ್ನು ನಿಲ್ಲಿಸುತ್ತಾ ಕಲಿಯೋಣ

ಒಂದು ಹಗುರವಾದ ಕೋಲು. ತುದಿಯಲ್ಲಿ 0.2 ಕೆ.ಜಿ. ತೂಕ. ಬುಡ ಮೋಟಾರಿನ ಶಾಫ್ಟ್‌ಗೆ ಬಿಗಿದಿದೆ. ಶಾಫ್ಟ್‌ನಿಂದ ತೂಕದವರೆಗೆ 0.5 ಮೀಟರ್. ತೂಕ ಮೇಲೆ ಬರುವ ಹಾಗೆ ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟರೆ ಕೋಲು ಬೀಳುತ್ತದೆ. ಬೀಳದ ಹಾಗೆ ಮೋಟಾರು ಅದನ್ನು ಹಿಡಿದುಕೊಳ್ಳಬೇಕು. ಅದೂ ಸುಮ್ನೆ ಹಿಡಿದರೆ ಸಾಲದು, ನಾವು ಹೇಳಿದ ವೇಗದಲ್ಲಿ, ಜಾಸ್ತಿ ತೂರಾಡದೆ ನೆಟ್ಟಗಾಗಬೇಕು. ಪೋಲ್ ಪ್ಲೇಸ್‌ಮೆಂಟ್ ಮಾಡುವ ಕೆಲಸ ಇದೇ.

ಇದರ ಲೆಕ್ಕ ಎರಡೇ ಸಾಲಿನದು. ಕಷ್ಟ ಇರುವುದು ಲೆಕ್ಕದಲ್ಲಿ ಅಲ್ಲ, ಪೋಲ್‌ಗಳನ್ನು ಎಲ್ಲಿ ಇಡಬೇಕು ಎಂದು ತೀರ್ಮಾನಿಸುವುದರಲ್ಲಿ. ಆ ತೀರ್ಮಾನವನ್ನು ನಮ್ಮ ಮೋಟಾರು ಮತ್ತು ಸೆನ್ಸರ್ ನೋಡಿಕೊಂಡೇ ಮಾಡಬೇಕು. ಹಾಗಾಗಿ ಲೆಕ್ಕವನ್ನು ಬೇಗ ಮುಗಿಸಿ, ಆ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

## ಮೊದಲು ಮಾಡೆಲ್ ಬರೆದುಕೊಳ್ಳಿ

ನಮಗೆ ಬೇಕಾದ ಸ್ಟೇಟ್‌ಗಳು ಎರಡು. `x1` ಎಂದರೆ ಕೋಲು ನೆಟ್ಟಗಿನ ಗೆರೆಯಿಂದ ಎಷ್ಟು ವಾಲಿದೆ ಎನ್ನುವ ಕೋನ, ರೇಡಿಯನ್‌ನಲ್ಲಿ. `x2` ಎಂದರೆ ಆ ಕೋನ ಬದಲಾಗುವ ವೇಗ. ಇವೆರಡು ಗೊತ್ತಿದ್ದರೆ ಕೋಲು ಮುಂದೆ ಏನು ಮಾಡುತ್ತದೆ ಎಂದು ಹೇಳಬಹುದು. ಮೋಟಾರಿನ ಟಾರ್ಕ್ `u`, ನ್ಯೂಟನ್ ಮೀಟರ್‌ನಲ್ಲಿ.

ಕೋನ ಚಿಕ್ಕದಾಗಿರುವಾಗ ಗುರುತ್ವ ಕೋಲನ್ನು ಬೀಳಿಸುವ ಟಾರ್ಕ್ `m g l x1`. ಅಂದರೆ 0.2 × 9.81 × 0.5 = 0.981, ಅದಕ್ಕೆ ಕೋನದ ಗುಣಾಕಾರ. ಜಡತ್ವ `m l²` = 0.2 × 0.25 = 0.05. ಟಾರ್ಕನ್ನು ಜಡತ್ವದಿಂದ ಭಾಗಿಸಿದರೆ ವೇಗ ಎಷ್ಟು ಬದಲಾಗುತ್ತದೆ ಎಂದು ಸಿಗುತ್ತದೆ:

```
x1' = x2
x2' = 19.62 x1 + 20 u

A = [ 0      1 ]      B = [ 0  ]
    [ 19.62  0 ]          [ 20 ]
```

ಮೋಟಾರು ಸುಮ್ಮನಿದ್ದಾಗ `A` ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳು +4.43 ಮತ್ತು -4.43. ಇವೇ ಸಿಸ್ಟಮ್‌ನ ಪೋಲ್‌ಗಳು. ಕೋಲು ಬೀಳಲು ಕಾರಣ ಆ +4.43. ಇದನ್ನು ಸಮಯಕ್ಕೆ ತಿರುಗಿಸಿ ನೋಡಿ: ಹೆಚ್ಚುಕಡಿಮೆ ಪ್ರತಿ 0.16 ಸೆಕೆಂಡಿಗೆ ವಾಲಿಕೆ ಎರಡರಷ್ಟಾಗುತ್ತದೆ. ಈ ಅಂಕಿ ನೆನಪಿಟ್ಟುಕೊಳ್ಳಿ. ನಿಮ್ಮ ಕಂಟ್ರೋಲರ್ ಇದಕ್ಕಿಂತ ತುಂಬಾ ಬೇಗ ಕೆಲಸ ಮಾಡಬೇಕು.

## ಪೋಲ್‌ಗಳು ಜಾಗ ಬಿಟ್ಟು ಕದಲುತ್ತವಾ?

ಕಂಟ್ರೋಲರ್‌ನ ಎರಡು ಗೇನ್‌ಗಳಾದ `K = [k1 k2]` ಹುಡುಕುವ ಮೊದಲು ಒಂದು ಪರೀಕ್ಷೆ ಮಾಡಿ. `B` ಮತ್ತು `AB` ಎರಡನ್ನೂ ಪಕ್ಕಪಕ್ಕ ಇಟ್ಟು ಡಿಟರ್ಮಿನೆಂಟ್ ತೆಗೆಯಿರಿ. ಅದು ಸೊನ್ನೆ ಅಲ್ಲದಿದ್ದರೆ ಪೋಲ್‌ಗಳನ್ನು ಎಲ್ಲಿ ಬೇಕಾದರೂ ಇಡಬಹುದು. ಒಂದೇ ನಿಯಮ, ಕಾಂಪ್ಲೆಕ್ಸ್ ಪೋಲ್ ಬೇಕಿದ್ದರೆ ಅವು ಜೋಡಿಯಾಗಿ ಬರಬೇಕು.

```
[B  AB] = [ 0   20 ]      det = -400
          [ 20  0  ]
```

ಸೊನ್ನೆ ಅಲ್ಲ. ಮುಂದೆ ಹೋಗೋಣ. ಸೊನ್ನೆ ಬಂದರೆ ಏನಾಗುತ್ತದೆ, ಸೊನ್ನೆಯ ಹತ್ತಿರ ಬಂದರೆ ಏನಾಗುತ್ತದೆ ಎಂದು ಆಮೇಲೆ ಬೇರೆ ಉದಾಹರಣೆಯಲ್ಲಿ ತೋರಿಸುತ್ತೇನೆ.

## ಪೋಲ್ ಎಲ್ಲಿ ಇಡಬೇಕು

ಕೋಲು ಸುಮಾರು 1 ಸೆಕೆಂಡಿನಲ್ಲಿ ನೆಟ್ಟಗಾಗಬೇಕು ಎಂದುಕೊಳ್ಳೋಣ. ಪೋಲ್‌ನ ನಿಜಭಾಗ -4 ಆದರೆ ತೂರಾಟ `e^(-4t)` ಥರ ಇಳಿಯುತ್ತದೆ. 1 ಸೆಕೆಂಡಿಗೆ ಮೊದಲಿದ್ದುದರ 2 ಶೇಕಡಾದಷ್ಟೂ ಉಳಿಯುವುದಿಲ್ಲ. ಹಾಗಾಗಿ -4 ಸರಿ.

ಕಾಲ್ಪನಿಕ ಭಾಗಕ್ಕೆ 3 ತೆಗೆದುಕೊಳ್ಳೋಣ. ಆಗ ಪೋಲ್‌ಗಳು -4 + 3j ಮತ್ತು -4 - 3j. ಡ್ಯಾಂಪಿಂಗ್ ಅನುಪಾತ 4/5, ಅಂದರೆ 0.8. ಕೋಲನ್ನು 0.1 ರೇಡಿಯನ್, ಅಂದರೆ ಸುಮಾರು 5.7 ಡಿಗ್ರಿ ವಾಲಿಸಿ ಬಿಟ್ಟರೆ, ಅದು ನೆಟ್ಟಗಾಗುವಾಗ ಆ ಕಡೆಗೆ ಬರೀ 1.5 ಶೇಕಡಾ, ಅಂದರೆ 0.0015 ರೇಡಿಯನ್ ದಾಟುತ್ತದೆ. ಕಣ್ಣಿಗೇ ಕಾಣುವುದಿಲ್ಲ.

ಬೇಕಾದ ಸಮೀಕರಣ ಹೀಗೆ ಸಿಗುತ್ತದೆ:

```
(s + 4 - 3j)(s + 4 + 3j) = s² + 8s + 25
```

ಎರಡನ್ನೂ -4 ಮತ್ತು -5 ಎಂದು ನಿಜ ಸಂಖ್ಯೆಗಳಲ್ಲೇ ಇಡಬಹುದಿತ್ತಲ್ವಾ? ಇಡಬಹುದು. ಆದರೆ ಒಂದೇ ಸಮಯದಲ್ಲಿ ನಿಲ್ಲುವ ಎರಡು ವಿನ್ಯಾಸಗಳಲ್ಲಿ ನಾನು ಸ್ವಲ್ಪ ಕಾಲ್ಪನಿಕ ಭಾಗ ಇರುವುದನ್ನೇ ಆರಿಸುತ್ತೇನೆ. ಮೊದಲ ಅರ್ಧ ಸೆಕೆಂಡಿನಲ್ಲಿ ಕೋಲು ಚುರುಕಾಗಿ ಏಳುತ್ತದೆ.

## ಎರಡು ಸಾಲಿನ ಲೆಕ್ಕ

ಸ್ಟೇಟ್ ಫೀಡ್‌ಬ್ಯಾಕ್ ಎಂದರೆ ಎರಡೂ ಸ್ಟೇಟ್‌ಗಳನ್ನು ಒಂದೊಂದು ಗೇನ್‌ನಿಂದ ಗುಣಿಸಿ, ಕೂಡಿಸಿ, ಚಿಹ್ನೆ ಬದಲಿಸಿ ಮೋಟಾರಿಗೆ ಕೊಡುವುದು. `u = -k1 x1 - k2 x2`. ಇದನ್ನು ಮಾಡೆಲ್‌ಗೆ ಹಾಕಿದರೆ `A` ಇದ್ದ ಜಾಗಕ್ಕೆ `A - BK` ಬರುತ್ತದೆ:

```
A - BK = [ 0              1      ]
         [ 19.62 - 20 k1  -20 k2 ]

s² + 20 k2 s + (20 k1 - 19.62) = s² + 8s + 25
```

ಎಡ ಬಲ ಹೋಲಿಸಿ. `20 k2 = 8`, ಆದ್ದರಿಂದ `k2 = 0.4`. `20 k1 = 44.62`, ಆದ್ದರಿಂದ `k1 = 2.231`. ಅಷ್ಟೇ.

ಈ ಸಂಖ್ಯೆಗಳನ್ನು ಇಲ್ಲಿಗೇ ಬಿಡಬೇಡಿ. 2.231 ಅನ್ನು ಒಡೆದು ನೋಡಿ: 0.981 + 1.25. ಆ 0.981 ನಮಗೆ ಪರಿಚಯದ ಸಂಖ್ಯೆ, ಗುರುತ್ವದ ಟಾರ್ಕ್. `k1` ಮೊದಲು ಗುರುತ್ವವನ್ನು ಸರಿಸಮ ಮಾಡುತ್ತದೆ. ಉಳಿದ 1.25 ಒಂದು ಸ್ಪ್ರಿಂಗ್ ಥರ ಕೋಲನ್ನು ನೆಟ್ಟಗಿನ ಗೆರೆಗೆ ಎಳೆಯುತ್ತದೆ. `k2` ಆ ಸ್ಪ್ರಿಂಗ್ ತೂಗಾಡದ ಹಾಗೆ ತಡೆಯುವ ಡ್ಯಾಂಪರ್. ನಿಜದಲ್ಲಿ ಇಲ್ಲದ ಸ್ಪ್ರಿಂಗ್ ಮತ್ತು ಡ್ಯಾಂಪರನ್ನು ನಾವು ಸಾಫ್ಟ್‌ವೇರ್‌ನಲ್ಲಿ ಕಟ್ಟಿದ್ದೇವೆ. `k1` 0.981ಕ್ಕಿಂತ ಕಡಿಮೆ ಇದ್ದರೆ `k2` ಎಷ್ಟೇ ಹೆಚ್ಚಿಸಿದರೂ ಕೋಲು ನಿಲ್ಲುವುದಿಲ್ಲ. ನಿಧಾನವಾಗಿ ಬೀಳುತ್ತದೆ, ಅಷ್ಟೇ ವ್ಯತ್ಯಾಸ.

ಕಂಪ್ಯೂಟರ್‌ನಲ್ಲಿ ಸರಿ ನೋಡಿಕೊಳ್ಳಲು:

```python
import numpy as np
from scipy.signal import place_poles

A = np.array([[0, 1], [19.62, 0]])
B = np.array([[0], [20]])
K = place_poles(A, B, [-4+3j, -4-3j]).gain_matrix
print(K)                              # 2.231, 0.4
print(np.linalg.eigvals(A - B @ K))   # -4+3j, -4-3j
```

ಕೊನೆಯ ಸಾಲನ್ನು ಬಿಡಬೇಡಿ. `K` ಯಾವ ದಾರಿಯಿಂದ ಸಿಕ್ಕಿದ್ದರೂ `A - BK` ಐಗನ್ ಮೌಲ್ಯಗಳನ್ನು ಮತ್ತೆ ತೆಗೆದು ನೋಡುವುದೇ ನಂಬಬಹುದಾದ ಪರೀಕ್ಷೆ. ಇನ್ನೊಂದು ವಿಷಯ. ಒಂದೇ ಇನ್‌ಪುಟ್ ಇರುವಾಗ `place_poles`ಗೆ ಎರಡೂ ಪೋಲ್ -4 ಎಂದು ಕೊಟ್ಟರೆ ಅದು ಎರರ್ ಕೊಡುತ್ತದೆ. ಒಂದೇ ಪೋಲ್ ಎರಡು ಸಲ ಬೇಕಿದ್ದರೆ ಮೇಲಿನ ಹಾಗೆ ಕೈಯಲ್ಲೇ ಮಾಡಿ.

## ಮೋಟಾರಿಗೆ ಇಷ್ಟು ಶಕ್ತಿ ಇದೆಯಾ?

ಇಲ್ಲಿಂದ ನಿಜವಾದ ಕೆಲಸ ಶುರು. ನಮ್ಮ ಮೋಟಾರು ಕೊಡಬಲ್ಲ ಅತಿ ಹೆಚ್ಚು ಟಾರ್ಕ್ 0.3 ನ್ಯೂಟನ್ ಮೀಟರ್ ಎಂದುಕೊಳ್ಳಿ.

ಕೋಲು 0.1 ರೇಡಿಯನ್ ವಾಲಿ ನಿಂತಿದೆ. ಕಂಟ್ರೋಲರ್ ಕೇಳುವ ಟಾರ್ಕ್ 2.231 × 0.1 = 0.22. ಮೋಟಾರಿನ ಮಿತಿಯೊಳಗೇ ಇದೆ. 0.134 ರೇಡಿಯನ್, ಅಂದರೆ 7.7 ಡಿಗ್ರಿ ದಾಟಿದರೆ ಕೇಳುವುದು 0.3ಕ್ಕಿಂತ ಜಾಸ್ತಿಯಾಗುತ್ತದೆ. ಆಗ ಮೋಟಾರು ಕೈಲಾದಷ್ಟು ಕೊಡುತ್ತದೆ, ಆದರೆ ನಾವು ಇಟ್ಟ -4 ± 3j ಪೋಲ್‌ಗಳಿಗೂ ಕೋಲಿನ ಚಲನೆಗೂ ಸಂಬಂಧವೇ ಇರುವುದಿಲ್ಲ. ಇನ್ನೂ ಮುಂದೆ 17.8 ಡಿಗ್ರಿಯಲ್ಲಿ ಗುರುತ್ವದ ಟಾರ್ಕೇ 0.3 ಆಗುತ್ತದೆ. ಅದಕ್ಕಿಂತ ಜಾಸ್ತಿ ವಾಲಿ ನಿಂತ ಕೋಲನ್ನು ಯಾವ `K` ಕೂಡ ಎತ್ತಲಾರದು.

ಈಗ ಆಸೆ ಹೆಚ್ಚಿಸಿ ನೋಡೋಣ. ಮೂರು ಪಟ್ಟು ಚುರುಕು ಬೇಕು, ಪೋಲ್‌ಗಳು -12 ± 9j. ಸಮೀಕರಣ `s² + 24s + 225`. ಅದೇ ಲೆಕ್ಕದಲ್ಲಿ `k2 = 1.2`, `k1 = 12.231`. ಗಮನಿಸಿ, ವೇಗ ಮೂರು ಪಟ್ಟು, ಆದರೆ `k1` ಐದು ಪಟ್ಟಿಗಿಂತ ಜಾಸ್ತಿ. ಅದರ ಸ್ಪ್ರಿಂಗ್ ಭಾಗವನ್ನೇ ನೋಡಿದರೆ 1.25 ಇದ್ದದ್ದು 11.25 ಆಗಿದೆ, ಅಂದರೆ ಒಂಬತ್ತು ಪಟ್ಟು. ಪೋಲ್‌ಗಳನ್ನು ಮೂರು ಪಟ್ಟು ದೂರ ತಳ್ಳಿದರೆ ಸ್ಪ್ರಿಂಗ್ ಮೂರರ ವರ್ಗದಷ್ಟು ಬಿಗಿಯಾಗಬೇಕು. 0.1 ರೇಡಿಯನ್ ವಾಲಿಕೆಗೆ ಈ ಕಂಟ್ರೋಲರ್ 1.22 ನ್ಯೂಟನ್ ಮೀಟರ್ ಕೇಳುತ್ತದೆ. ಮೋಟಾರಿನ ಬಳಿ ಇರುವುದು ಅದರ ಕಾಲು ಭಾಗ. ಕಾಗದದ ಮೇಲೆ ಇದು ಮೂರು ಪಟ್ಟು ಚುರುಕು, ಮೇಜಿನ ಮೇಲೆ ಅಲ್ಲ.

ಆದ್ದರಿಂದ ನಾನು ಈಗ ಲೆಕ್ಕವನ್ನು ತಿರುಗಿಸಿ ಮಾಡುತ್ತೇನೆ. ಅತಿ ಹೆಚ್ಚು ಎಷ್ಟು ವಾಲಬಹುದು ಎಂದು ಮೊದಲು ಅಂದಾಜು ಮಾಡುತ್ತೇನೆ. ಮೋಟಾರಿನ ಟಾರ್ಕನ್ನು ಆ ಕೋನದಿಂದ ಭಾಗಿಸಿದರೆ `k1`ಗೆ ಮೇಲಿನ ಮಿತಿ ಸಿಗುತ್ತದೆ. 0.3 / 0.1 = 3. ಪೋಲ್ ಆರಿಸುವುದು ಅದರೊಳಗೆ.

## ಸೆನ್ಸರ್ ಹೇಳುವ ಮಿತಿ

ಎರಡನೇ ಮಿತಿ ನನಗೆ ಕೆಲಸ ಮಾಡುತ್ತಲೇ ಗೊತ್ತಾಯಿತು. ಮೊದಲ ಸಲ ಇಂಥದ್ದೊಂದನ್ನು ಕಟ್ಟಿದಾಗ ಕೋಲು ನಿಂತಿತು, ಆದರೆ ಮೋಟಾರು ಗರ್ ಗರ್ ಎಂದು ಸದ್ದು ಮಾಡುತ್ತಲೇ ಇತ್ತು. ಹತ್ತು ನಿಮಿಷಕ್ಕೆ ಮುಟ್ಟಲಾಗದಷ್ಟು ಬಿಸಿ. ಬೇರಿಂಗ್ ಹೋಗಿದೆ ಎಂದುಕೊಂಡು ಬಿಚ್ಚಿ ನೋಡಿದೆ. ಬೇರಿಂಗ್ ಚೆನ್ನಾಗಿಯೇ ಇತ್ತು. ತೊಂದರೆ `k2`ದು.

ಕೋನವನ್ನು ಎನ್‌ಕೋಡರ್ ಅಳೆಯುತ್ತದೆ. ಒಂದು ಸುತ್ತಿಗೆ 4096 ಎಣಿಕೆ ಕೊಡುವ ಎನ್‌ಕೋಡರ್ ಇದ್ದರೆ ಒಂದು ಎಣಿಕೆ ಎಂದರೆ 0.00153 ರೇಡಿಯನ್. ವೇಗಕ್ಕೆ ಬೇರೆ ಸೆನ್ಸರ್ ಇಲ್ಲ. ಈಗಿನ ಕೋನದಲ್ಲಿ ಹಿಂದಿನದನ್ನು ಕಳೆದು ಸಮಯದಿಂದ ಭಾಗಿಸುತ್ತೇವೆ. ಸೆಕೆಂಡಿಗೆ 200 ಸಲ ಓದಿದರೆ ಆ ಸಮಯ 0.005 ಸೆಕೆಂಡ್. ಕೋಲು ನಿಂತೇ ಇದ್ದರೂ ಎಣಿಕೆ ಒಂದು ಆಚೀಚೆ ಆದರೆ ಸಾಕು, ವೇಗ 0.307 ರೇಡಿಯನ್ ಪ್ರತಿ ಸೆಕೆಂಡ್ ಎಂದು ಲೆಕ್ಕ ಬರುತ್ತದೆ. ಅದನ್ನು `k2 = 0.4`ರಿಂದ ಗುಣಿಸಿ: 0.123 ನ್ಯೂಟನ್ ಮೀಟರ್. ಮೋಟಾರಿನ ಶಕ್ತಿಯ ಸುಮಾರು 40 ಶೇಕಡಾ, ಒಂದೇ ಒಂದು ಎಣಿಕೆಗೆ! `k2 = 1.2` ಆಗಿದ್ದರೆ 0.37, ಮೋಟಾರಿನ ಮಿತಿಯನ್ನೇ ದಾಟುತ್ತದೆ.

ಗುರುತು ಹಿಡಿಯುವುದು ಹೀಗೆ. ಕೋಲನ್ನು ಕೈಯಲ್ಲಿ ಅಲುಗದೆ ಹಿಡಿದು `u`ವನ್ನು ದಾಖಲಿಸಿ. ಗ್ರಾಫ್‌ನಲ್ಲಿ ಒಂದೇ ಎತ್ತರದ ಮುಳ್ಳುಗಳು ಕಂಡರೆ, ಆ ಎತ್ತರ `k2` × (ಒಂದು ಎಣಿಕೆ / ಸಮಯ) ಇದರ ಆಸುಪಾಸಿನಲ್ಲಿದ್ದರೆ, ತಪ್ಪು ಇಲ್ಲೇ ಇದೆ. ವೇಗಕ್ಕೆ ಸಣ್ಣ ಫಿಲ್ಟರ್ ಹಾಕಬಹುದು, ಆದರೆ ಅದು ತಡ ತರುತ್ತದೆ. ಆ ತಡ ನಿಮ್ಮ ಡ್ಯಾಂಪಿಂಗನ್ನು ತಿನ್ನುತ್ತದೆ. ಹೆಚ್ಚು ಎಣಿಕೆಯ ಎನ್‌ಕೋಡರ್ ಹಾಕುವುದು ಒಳ್ಳೆಯ ದಾರಿ. ಅದಾಗದಿದ್ದರೆ ಪೋಲ್‌ಗಳನ್ನು ಸ್ವಲ್ಪ ಬಲಕ್ಕೆ, ಅಂದರೆ ನಿಧಾನದ ಕಡೆಗೆ ತನ್ನಿ.

## ಕೋಲು ನಿಲ್ಲದಿದ್ದಾಗ

ಮೋಟಾರ್ ಆನ್ ಮಾಡಿದ ತಕ್ಷಣ ಕೋಲು ಧಡಾರನೆ ಬಿದ್ದರೆ ಮೊದಲು ಚಿಹ್ನೆ ನೋಡಿ. `u = -Kx` ಬದಲು `+Kx` ಆಗಿದ್ದರೆ ಪೋಲ್‌ಗಳು +12.96 ಮತ್ತು -4.96 ಆಗುತ್ತವೆ. ತಾನಾಗಿ ಬೀಳುವುದಕ್ಕಿಂತ ಮೂರು ಪಟ್ಟು ಬೇಗ ಬೀಳುತ್ತದೆ. ಮೋಟಾರಿನ ಎರಡು ತಂತಿ ಅದಲುಬದಲಾದರೂ ಇದೇ ಆಗುತ್ತದೆ. ಕೋಲನ್ನು ಕೈಯಲ್ಲಿ ಹಿಡಿದು ಸ್ವಲ್ಪವೇ ವಾಲಿಸಿ ನೋಡಿ. ಮೋಟಾರು ನಿಮ್ಮ ಕೈಗೆ ಎದುರಾಗಿ ತಳ್ಳಬೇಕು. ಕೈ ಹೋದ ಕಡೆಗೇ ತಾನೂ ಎಳೆದರೆ ಚಿಹ್ನೆ ತಪ್ಪಿದೆ.

ಬೀಳದೆ ಎಡಕ್ಕೂ ಬಲಕ್ಕೂ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಯೂನಿಟ್ ನೋಡಿ. ನಮ್ಮ `K` ರೇಡಿಯನ್‌ಗೆ ಮಾಡಿದ್ದು. ಸೆನ್ಸರ್ ಡಿಗ್ರಿಯಲ್ಲಿ ಕೊಡುತ್ತಿದ್ದರೆ ಗೇನ್ 57 ಪಟ್ಟು ಆದ ಹಾಗೆ. 0.13 ಡಿಗ್ರಿ ವಾಲಿದರೇ ಮೋಟಾರು ಪೂರ್ತಿ ಶಕ್ತಿ ಹಾಕುತ್ತದೆ.

ಕೋಲು ನಿಂತಿದೆ, ಆದರೆ ಒಂದು ಕಡೆ ವಾಲಿಕೊಂಡೇ ನಿಂತಿದೆ ಎಂದರೆ ಸೆನ್ಸರ್‌ನ ಸೊನ್ನೆ ಸರಿ ಇಲ್ಲ. ಇಲ್ಲಿ ಒಂದು ಅಚ್ಚರಿ ಇದೆ. ಸೊನ್ನೆ 1 ಡಿಗ್ರಿ ತಪ್ಪಿದ್ದರೆ ಕೋಲು ವಾಲುವುದು 1 ಡಿಗ್ರಿ ಅಲ್ಲ, 44.62 / 25, ಅಂದರೆ 1.78 ಡಿಗ್ರಿ. ಗುರುತ್ವ ಆ ತಪ್ಪನ್ನು ದೊಡ್ಡದು ಮಾಡುತ್ತದೆ. ಪೋಲ್‌ಗಳು ಸರಿಯಾದ ಜಾಗದಲ್ಲೇ ಇವೆ, ಆದರೂ ಹೀಗಾಗುತ್ತದೆ. ಎಷ್ಟು ಬೇಗ ನಿಲ್ಲಬೇಕು ಎನ್ನುವುದನ್ನು ಪೋಲ್ ತೀರ್ಮಾನಿಸುತ್ತದೆ, ಎಲ್ಲಿ ನಿಲ್ಲಬೇಕು ಎನ್ನುವುದನ್ನಲ್ಲ. ಸೊನ್ನೆಯನ್ನು ಸರಿಮಾಡಿ. ಕೋನದ ತಪ್ಪನ್ನು ಕೂಡಿಸುತ್ತಾ ಹೋಗುವ ಮೂರನೇ ಸ್ಟೇಟ್ ಹಾಕಿದರೆ ಸಾಲದೇ ಎನಿಸಬಹುದು. ಆದರೆ ಸೆನ್ಸರ್ ಸೊನ್ನೆಯೇ ತಪ್ಪಿದ್ದರೆ ಆ ಮೂರನೇ ಸ್ಟೇಟ್ ಕೂಡ ಕೋಲನ್ನು ತಪ್ಪು ಸೊನ್ನೆಗೇ ತಂದು ನಿಲ್ಲಿಸುತ್ತದೆ.

## ಪರೀಕ್ಷೆ ಪಾಸಾಗಿಯೂ ಕೈಕೊಡುವ ಸಿಸ್ಟಮ್

ಕೋಲಿನ ಸಿಸ್ಟಮ್ ಒಳ್ಳೆಯದು. ಸಣ್ಣ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ತೂಕ 0.2 ಅಲ್ಲ, 0.25 ಕೆ.ಜಿ. ಇತ್ತು ಎಂದುಕೊಳ್ಳಿ. ಅದೇ `K` ಇಟ್ಟರೆ ಪೋಲ್‌ಗಳು -3.2 ± 2.4j ಆಗುತ್ತವೆ. ಸ್ವಲ್ಪ ನಿಧಾನ, ಅಷ್ಟೇ. ಎಲ್ಲ ಸಿಸ್ಟಮ್‌ಗಳೂ ಹೀಗಿರುವುದಿಲ್ಲ.

ಎರಡು ನೀರಿನ ಟ್ಯಾಂಕ್‌ಗಳನ್ನು ನೋಡಿ. ಒಂದೇ ಪಂಪ್ ಎರಡಕ್ಕೂ ಸಮನಾಗಿ ನೀರು ಬಿಡುತ್ತದೆ. ಎರಡರ ತಳದಿಂದಲೂ ನೀರು ಹೊರಗೆ ಹೋಗುತ್ತದೆ. `x1`, `x2` ಎಂದರೆ ಬೇಕಾದ ಮಟ್ಟದಿಂದ ಎರಡು ಟ್ಯಾಂಕ್‌ಗಳ ವ್ಯತ್ಯಾಸ, ಸಮಯ ನಿಮಿಷದಲ್ಲಿ:

```
x1' = -1.0 x1 + u
x2' = -1.1 x2 + u
```

`A` ಡಯಾಗನಲ್, `B`ಯಲ್ಲಿ ಎರಡೂ 1. ಪರೀಕ್ಷೆಯ ಡಿಟರ್ಮಿನೆಂಟ್ -0.1. ಸೊನ್ನೆ ಅಲ್ಲ, ಹಾಗಾಗಿ ಪಾಸ್. ಪೋಲ್‌ಗಳನ್ನು -3 ಮತ್ತು -4ಕ್ಕೆ ತರೋಣ. ಇಲ್ಲಿ `A - BK` ಕೋಲಿನಷ್ಟು ಸಲೀಸಾಗಿಲ್ಲ, ಆದರೆ ದಾರಿ ಅದೇ:

```
(s + 1)(s + 1.1) + k1 (s + 1.1) + k2 (s + 1) = s² + 7s + 12

s ಸಾಲು:     2.1 + k1 + k2 = 7
ಬಿಡಿ ಸಂಖ್ಯೆ:  1.1 + 1.1 k1 + k2 = 12
```

ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ `0.1 k1 - 1 = 5`. ಅಂದರೆ `k1 = 60`, `k2 = -55.1`. ಎರಡೇ ಸ್ಟೇಟ್ ಮತ್ತು ಒಂದೇ ಇನ್‌ಪುಟ್ ಇದ್ದರೆ `k1`, `k2` ಯಾವಾಗಲೂ ಹೀಗೆ ಎರಡು ಸರಳ ಸಮೀಕರಣಗಳಲ್ಲೇ ಬರುತ್ತವೆ. ಅವುಗಳ ವರ್ಗವಾಗಲಿ, `k1 k2` ಗುಣಲಬ್ಧವಾಗಲಿ ಬರುವುದೇ ಇಲ್ಲ. ಬಂದರೆ ನಡುವೆ ಎಲ್ಲೋ ಲೆಕ್ಕ ತಪ್ಪಿದೆ ಎಂದರ್ಥ.

ಈಗ ಆ ಎರಡು ಗೇನ್‌ಗಳನ್ನು ನೋಡಿ. ಒಂದು +60, ಇನ್ನೊಂದು -55.1. ಎರಡು ದೊಡ್ಡ ಸಂಖ್ಯೆಗಳು ಒಂದನ್ನೊಂದು ಎಳೆದು ಹಿಡಿದು, ನಡುವೆ ಉಳಿಯುವ ಸಣ್ಣ ವ್ಯತ್ಯಾಸದಲ್ಲಿ ಕೆಲಸ ನಡೆಯುತ್ತಿದೆ. ಮೊದಲ ಟ್ಯಾಂಕಿನ ಮಟ್ಟ ಅಳೆಯುವ ಸೆನ್ಸರ್ 10 ಶೇಕಡಾ ಕಡಿಮೆ ತೋರಿಸಿದರೆ `k1` 54 ಆದ ಹಾಗೆ. ಆಗ ಸಮೀಕರಣ `s² + s + 5.4`, ಪೋಲ್‌ಗಳು -0.5 ± 2.3j. ಮಟ್ಟ ಹತ್ತಿ ಇಳಿದು ಹತ್ತಿ ಇಳಿದು ಬಹಳ ಹೊತ್ತು ತೂಗಾಡುತ್ತದೆ. ಸುಮಾರು 12 ಶೇಕಡಾ ಕಡಿಮೆಯಾಗಿ `k1` 53 ತಲುಪಿದರೆ `s` ಸಾಲು ಸೊನ್ನೆಯಾಗಿ, ತೂಗಾಟ ನಿಲ್ಲುವುದೇ ಇಲ್ಲ. ಅದನ್ನೂ ದಾಟಿದರೆ ತೂಗಾಟ ಬೆಳೆಯುತ್ತಾ ಹೋಗುತ್ತದೆ. ಕಂಟ್ರೋಲರ್ ಇಲ್ಲದೆಯೇ ಎರಡೂ ಟ್ಯಾಂಕ್ ತಾವಾಗಿ ತಮ್ಮ ಮಟ್ಟಕ್ಕೆ ಬರುತ್ತಿದ್ದವು, ನೆನಪಿರಲಿ.

ಕಾರಣ ತಿಳಿಯಲು ಎರಡೂ ಟ್ಯಾಂಕ್‌ಗಳು ಒಂದೇ ದರದಲ್ಲಿ, -1ರಲ್ಲಿ, ಸೋರುತ್ತವೆ ಎಂದುಕೊಳ್ಳಿ. `x1 - x2` ಎಷ್ಟು ಬದಲಾಗುತ್ತದೆ ನೋಡಿ. ಪಂಪ್ ಎರಡಕ್ಕೂ ಸಮನಾಗಿ ನೀರು ಕೊಡುವುದರಿಂದ ಕಳೆದಾಗ `u` ಮಾಯವಾಗುತ್ತದೆ. ವ್ಯತ್ಯಾಸ ತನ್ನ ಪಾಡಿಗೆ `e^(-t)` ವೇಗದಲ್ಲಿ ಇಳಿಯುತ್ತದೆ. ಪಂಪ್ ಏನು ಮಾಡಿದರೂ ಅದಕ್ಕೆ ತಗಲುವುದೇ ಇಲ್ಲ. ಆಗ ಡಿಟರ್ಮಿನೆಂಟ್ ಸೊನ್ನೆ, ಒಂದು ಪೋಲ್ -1ರಲ್ಲೇ ಕೂತಿರುತ್ತದೆ, `K` ಏನೇ ಕೊಟ್ಟರೂ ಕದಲುವುದಿಲ್ಲ. 1.0 ಮತ್ತು 1.1 ಆದಾಗ ಪಂಪ್‌ಗೆ ಆ ವ್ಯತ್ಯಾಸದ ಮೇಲೆ ಕೂದಲೆಳೆಯಷ್ಟು ಹಿಡಿತ ಸಿಕ್ಕಿದೆ. ಅಷ್ಟನ್ನೇ ಹಿಡಿದು ಜಗ್ಗಲು 60 ಮತ್ತು -55.1 ಬೇಕಾಯಿತು.

ಹಾಗಾಗಿ ಡಿಟರ್ಮಿನೆಂಟ್ ಸೊನ್ನೆ ಅಲ್ಲ ಎಂದು ನೋಡಿದರಷ್ಟೇ ಸಾಲದು. `K` ಸಿಕ್ಕ ಮೇಲೆ ಒಂದೊಂದೇ ಗೇನನ್ನು 10 ಶೇಕಡಾ ಹೆಚ್ಚು ಕಡಿಮೆ ಮಾಡಿ `A - BK` ಐಗನ್ ಮೌಲ್ಯಗಳನ್ನು ಮತ್ತೆ ತೆಗೆಯಿರಿ. ಕೋಲಿನ `k1`ಅನ್ನು 10 ಶೇಕಡಾ ಇಳಿಸಿದರೆ ಬಿಡಿ ಸಂಖ್ಯೆ 25ರಿಂದ 20.5ಕ್ಕೆ ಬರುತ್ತದೆ, ಪೋಲ್‌ಗಳು -4 ± 2.1j. ನಿಜಭಾಗ ಕದಲಲೇ ಇಲ್ಲ. ಟ್ಯಾಂಕಿನಲ್ಲಿ ಅದೇ 10 ಶೇಕಡಾ -3, -4 ಇದ್ದ ಪೋಲ್‌ಗಳನ್ನು -0.5ರ ತನಕ ಎಳೆದು ತಂದಿತು. ಇಂಥ ಕಡೆ ಪೋಲ್ ಬದಲಿಸುತ್ತಾ ಕೂರುವುದಕ್ಕಿಂತ ಪೈಪ್ ಬದಲಿಸುವುದು ಮೇಲು: ಎರಡು ಟ್ಯಾಂಕ್‌ಗೂ ಬೇರೆ ಬೇರೆ ವಾಲ್ವ್ ಹಾಕಿ.